ಹದಿನಾರು ಮನೆ, ಮೂರೇ ಚಾನೆಲ್: ಅಪಾರ್ಟ್‌ಮೆಂಟ್ ವೈ-ಫೈ ಸರಿಪಡಿಸಿದ ದಾಖಲೆ

ಕಟ್ಟಡ ಬೆಂಗಳೂರಿನದು. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ನಾಲ್ಕು ಮನೆ. 01 ಮತ್ತು 02 ನಂಬರಿನ ಮನೆಗಳಿಗೆ ನಡುಗೋಡೆ ಒಂದೇ, 03 ಮತ್ತು 04ಕ್ಕೂ ಹಾಗೆಯೇ. ಈ ಎರಡು ಜೋಡಿಗಳ ಮಧ್ಯೆ ಕಾರಿಡಾರ್, ಲಿಫ್ಟ್, ಮೆಟ್ಟಿಲು. ಎಲ್ಲ ಮನೆಗೂ ಫೈಬರ್ ಬಂದಿದೆ, ಎರಡು ಮೂರು ಬೇರೆ ಬೇರೆ ಕಂಪನಿಗಳದು. ದೂರು ಮಾತ್ರ ಎಲ್ಲರದೂ ಒಂದೇ: ರಾತ್ರಿ ಎಂಟರಿಂದ ಹತ್ತೂವರೆವರೆಗೆ ವಿಡಿಯೊ ಕಾಲ್ ತುಂಡಾಗುತ್ತದೆ, ಬೆಳಗಿನ ಜಾವ ಐದಕ್ಕೆ ಏನೂ ತೊಂದರೆಯಿಲ್ಲ. ನಾಲ್ಕು ಮನೆಯವರು ದುಡ್ಡು ಕೊಟ್ಟು 100 ಮೆಗಾಬಿಟ್ ಪ್ಲಾನನ್ನು 200 ಮೆಗಾಬಿಟ್‌ಗೆ ಏರಿಸಿಕೊಂಡಿದ್ದರು. ಏನೂ ಬದಲಾಗಿರಲಿಲ್ಲ.

ದಿನ 1. ಕಾಯಿಲೆ ಎಲ್ಲಿದೆ ಎಂದು ನೋಡಿದ್ದು

ಸ್ಪೀಡ್ ಟೆಸ್ಟ್ ಮಾಡಲಿಲ್ಲ. ಅದರಲ್ಲಿ ಫೈಬರ್ ಕಂಪನಿಯ ದೋಷವೂ ಗಾಳಿಯ ದೋಷವೂ ಕಲಸಿಕೊಂಡು ಬರುತ್ತದೆ. ರಾತ್ರಿ ಒಂಬತ್ತಕ್ಕೆ, 302ರಲ್ಲಿ, ರೂಟರ್‌ನಿಂದ ನಾಲ್ಕು ಮೀಟರ್ ದೂರ ಲ್ಯಾಪ್‌ಟಾಪ್ ಇಟ್ಟು ರೂಟರಿಗೇ ಪಿಂಗ್ ಹೊಡೆದೆವು, ಅಂದರೆ ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡಿದೆವು.

```
ping -c 100 192.168.1.1
```

ಲ್ಯಾನ್ ಕೇಬಲ್ ಸಿಕ್ಕಿಸಿದಾಗ ಸರಾಸರಿ 1 ಮಿಲಿಸೆಕೆಂಡಿಗಿಂತ ಕಡಿಮೆ. ಅದೇ ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಝ್ ವೈ-ಫೈಯಲ್ಲಿ ಇದ್ದಾಗ ಸರಾಸರಿ 38, ಅತಿ ಹೆಚ್ಚು 410, ನೂರರಲ್ಲಿ ನಾಲ್ಕು ಪ್ಯಾಕೆಟ್ ಕಾಣೆ. ಅಂದರೆ ಮನೆಯೊಳಗಿನ ನಾಲ್ಕು ಮೀಟರ್ ದಾಟುವುದಕ್ಕೇ ಇಷ್ಟು ಪಾಡು. ಪ್ಲಾನ್ ಏರಿಸಿ ಪ್ರಯೋಜನವಾಗದಿದ್ದುದು ಇದಕ್ಕೇ.

ದಿನ 1, ಮುಂದುವರಿದು. ಎಣಿಕೆ

ಕೈಯಲ್ಲಿದ್ದ ಸಾಮಾನು: ವೈಫೈಅನಲೈಸರ್ ಆ್ಯಪ್ ಹಾಕಿದ ಆಂಡ್ರಾಯ್ಡ್ ಫೋನ್, ಲಿನಕ್ಸ್ ಲ್ಯಾಪ್‌ಟಾಪ್, ಓಪನ್‌ಡಬ್ಲ್ಯುಆರ್‌ಟಿ ಎಂಬ ಬದಲಿ ಸಾಫ್ಟ್‌ವೇರ್ ಹಾಕಿದ ಒಂದು ಹಳೆಯ ರೂಟರ್. ಫೋನಿನಲ್ಲಿ ಅಳೆಯುವವರು ಒಂದು ವಿಷಯ ಗಮನಿಸಬೇಕು. ಆಂಡ್ರಾಯ್ಡ್ 9ರಿಂದೀಚೆಗೆ ಆ್ಯಪ್‌ಗಳಿಗೆ ಎರಡು ನಿಮಿಷಕ್ಕೆ ನಾಲ್ಕೇ ಸಲ ಸ್ಕ್ಯಾನ್ ಮಾಡಲು ಬಿಡುತ್ತದೆ. ಕೋಣೆಯಿಂದ ಕೋಣೆಗೆ ಹೋದರೂ ಹಳೆಯ ಅಂಕಿಯೇ ಕೂತಿರುತ್ತದೆ. ಡೆವಲಪರ್ ಆಪ್ಷನ್ಸ್‌ನಲ್ಲಿ `Wi-Fi scan throttling` ಆಫ್ ಮಾಡಿದ ಮೇಲೆಯೇ ಅಂಕಿ ನಂಬಬಹುದು. ಇದು ಗೊತ್ತಾಗುವ ಮೊದಲು ಬರೆದುಕೊಂಡಿದ್ದ ಒಂದು ಪುಟ ಹರಿದು ಹಾಕಬೇಕಾಯಿತು.

302ರ ಹಾಲಿನಲ್ಲಿ ನಿಂತು ಎಣಿಸಿದರೆ 2.4ರಲ್ಲಿ 41 ನೆಟ್‌ವರ್ಕ್. ಚಾನೆಲ್ 1ರಲ್ಲಿ 14, 6ರಲ್ಲಿ 9, 11ರಲ್ಲಿ 7, ಉಳಿದ 11 ಮಾತ್ರ 3, 4, 8, 9, 10 ಎಂದು ಸಿಕ್ಕಸಿಕ್ಕಲ್ಲಿ. ಮನೆ ಮನೆಗೆ ಹೋಗಿ ಹೆಸರು ತಾಳೆ ನೋಡಿದಾಗ 27 ನಮ್ಮ ಕಟ್ಟಡದವು, 14 ಅಕ್ಕಪಕ್ಕದ ಕಟ್ಟಡದವು.

ನೆಟ್‌ವರ್ಕ್ ಎಷ್ಟಿವೆ ಎನ್ನುವುದಕ್ಕಿಂತ ಗಾಳಿ ಎಷ್ಟು ಹೊತ್ತು ಗಿಜಿಗುಡುತ್ತದೆ ಎನ್ನುವುದು ಮುಖ್ಯ. ಅದನ್ನು ಹಳೆಯ ರೂಟರ್ ಹೇಳುತ್ತದೆ.

```
iw dev phy0-ap0 survey dump

frequency:            2412 MHz [in use]
noise:                -92 dBm
channel active time:  60120 ms
channel busy time:    46890 ms
```

2412 ಅಂದರೆ ಚಾನೆಲ್ 1. ಅಲ್ಲಿ 60 ಸೆಕೆಂಡಿನಲ್ಲಿ 46.9 ಸೆಕೆಂಡು ಯಾರೋ ಒಬ್ಬರು ಮಾತಾಡುತ್ತಿದ್ದಾರೆ, ಅಂದರೆ 78 ಪ್ರತಿಶತ. ಕೆಲವು ಚಿಪ್‌ಗಳಲ್ಲಿ ಈ ಲೆಕ್ಕ ಸೊನ್ನೆಯಾಗದೆ ಕೂಡುತ್ತಲೇ ಹೋಗುತ್ತದೆ. ಆದ್ದರಿಂದ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಓದಿ ಕಳೆದುಕೊಳ್ಳುವುದು ಕ್ಷೇಮ. ರೂಟರನ್ನು 6ಕ್ಕೆ ಹಾಕಿದಾಗ 71, 11ಕ್ಕೆ ಹಾಕಿದಾಗ 64. ಬೆಳಿಗ್ಗೆ ಐದಕ್ಕೆ ಇದೇ ಚಾನೆಲ್ 1ರಲ್ಲಿ 40 ಪ್ರತಿಶತ. ಯಾರೂ ಎದ್ದಿಲ್ಲದ ಹೊತ್ತಿನಲ್ಲಿ ಆ 40 ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಎಂಟನೇ ದಿನ ಸಿಕ್ಕಿತು.

ದಿನ 2. ಬೇಡದ್ದನ್ನು ಆಫ್ ಮಾಡಿದ್ದು

27ರಲ್ಲಿ ಹದಿನಾರು ಮಾತ್ರ ನಿಜವಾಗಿ ಬಳಕೆಯಲ್ಲಿದ್ದವು. ಏಳು ಮನೆಗಳಲ್ಲಿ ಕಂಪನಿಯವರು ಕೊಟ್ಟ ಫೈಬರ್ ಡಬ್ಬಿಯ ವೈ-ಫೈಯೂ ಉರಿಯುತ್ತಿತ್ತು, ಮನೆಯವರು ಕೊಂಡು ತಂದ ರೂಟರೂ ಉರಿಯುತ್ತಿತ್ತು. ಮೂರು ಕಡೆ ಗೆಸ್ಟ್ ನೆಟ್‌ವರ್ಕ್ ಯಾವತ್ತೋ ಆನ್ ಮಾಡಿ ಮರೆತದ್ದು. ಒಂದು ಪ್ರಿಂಟರಿನ ವೈ-ಫೈ ಡೈರೆಕ್ಟ್.

ಏಳು ಡಬ್ಬಿಗಳ 2.4 ವೈ-ಫೈ ಸೇರಿ ಹನ್ನೊಂದನ್ನೂ ಆಫ್ ಮಾಡಿದೆವು. ಸಾಯಂಕಾಲದೊಳಗೆ ಮೂರು ಫೋನ್: ಒಬ್ಬರ ಟಿವಿ ಬಾಕ್ಸ್ ಸತ್ತಿದೆ, ಇನ್ನೊಬ್ಬರ ಬಾಗಿಲ ಕ್ಯಾಮೆರಾ ಕಾಣುತ್ತಿಲ್ಲ, ಮತ್ತೊಬ್ಬರ ಗೀಸರ್ ಪ್ಲಗ್ ಆ್ಯಪ್‌ಗೆ ಸಿಗುತ್ತಿಲ್ಲ. ಎಲ್ಲವೂ ಡಬ್ಬಿಯ ಹಳೆಯ ಹೆಸರಿಗೇ ಅಂಟಿಕೊಂಡಿದ್ದವು. ಆಫ್ ಮಾಡುವ ಮೊದಲು ಡಬ್ಬಿಯ ಪುಟದಲ್ಲಿ ಯಾರು ಯಾರು ಸೇರಿಕೊಂಡಿದ್ದಾರೆ ಎಂಬ ಪಟ್ಟಿ ತೆಗೆದು ನೋಡಬೇಕಿತ್ತು, ನೋಡಿರಲಿಲ್ಲ. ಸುಲಭದ ದಾರಿ, ಡಬ್ಬಿಯದೇ ಹೆಸರು ಮತ್ತು ಪಾಸ್‌ವರ್ಡನ್ನು ರೂಟರಿಗೆ ಕೊಡುವುದು. ಎರಡು ಮನೆಯಲ್ಲಿ ಹಾಗೆ ಮಾಡಿದ ಕೂಡಲೇ ಕ್ಯಾಮೆರಾ, ಪ್ಲಗ್ ತಾವಾಗಿಯೇ ಬಂದವು.

ದಿನ 3. ದೊಡ್ಡ ತಪ್ಪು: ‘ಖಾಲಿ’ ಚಾನೆಲ್

ಆ್ಯಪ್‌ನ ಚಿತ್ರದಲ್ಲಿ ಚಾನೆಲ್ 3ರ ಮೇಲೆ ಒಂದೇ ಗುಡ್ಡ, 1ರ ಮೇಲೆ ಗುಡ್ಡಗಳ ಸಾಲು. ಆ್ಯಪ್ ತಾನೇ 3ಕ್ಕೆ ನಕ್ಷತ್ರ ಕೊಟ್ಟು ತೋರಿಸಿತು. 302 ಮತ್ತು 203 ಎರಡನ್ನೂ 3ಕ್ಕೆ ಹಾಕಿದೆವು. ರಾತ್ರಿ ನೋಡಿದರೆ ಮುಂಚಿಗಿಂತ ಹದಗೆಟ್ಟಿತ್ತು. `iw dev phy0-ap0 station dump` ಕೊಡುವ `tx packets` ಮತ್ತು `tx retries` ಅಂಕಿಗಳನ್ನು ಭಾಗಿಸಿದಾಗ, ಚಾನೆಲ್ 1ರಲ್ಲಿದ್ದಾಗ ನೂರಕ್ಕೆ 9 ಮರುಪ್ರಯತ್ನ, 3ರಲ್ಲಿ 31.

ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ. ಚಾನೆಲ್ ನಂಬರುಗಳು 5 ಮೆಗಾಹರ್ಟ್ಝ್‌ಗೊಂದರಂತೆ ಇವೆ, ಆದರೆ ಒಂದೊಂದು ಸಿಗ್ನಲ್ ಹರಡುವುದು 20 ಮೆಗಾಹರ್ಟ್ಝ್ ಅಗಲಕ್ಕೆ. ಚಾನೆಲ್ 1 ಅಂದರೆ 2402ರಿಂದ 2422, ಚಾನೆಲ್ 6 ಅಂದರೆ 2427ರಿಂದ 2447, ಚಾನೆಲ್ 11 ಅಂದರೆ 2452ರಿಂದ 2472. ಈ ಮೂರು ಒಂದಕ್ಕೊಂದು ತಾಗುವುದಿಲ್ಲ. ಚಾನೆಲ್ 3 ಅಂದರೆ 2412ರಿಂದ 2432. ಇದು ಅರ್ಧ 1ರ ಮೇಲೆ ಕೂತು, 6ರ ತುದಿಯ ಮೇಲೂ ಕಾಲಿಟ್ಟಿರುತ್ತದೆ.

ಒಂದೇ ಚಾನೆಲ್‌ನಲ್ಲಿ ಇರುವ ಇಬ್ಬರು ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುವವರು. ಡಿಬಿಎಂ ಎಂಬುದು ಸಿಗ್ನಲ್ ಎಷ್ಟು ಜೋರು ಎಂಬ ಅಳತೆ, −62 ಅಂದರೆ −82ಕ್ಕಿಂತ ಜೋರು. ಇನ್ನೊಬ್ಬರ ಸಿಗ್ನಲ್ −82 ಡಿಬಿಎಂ ಇದ್ದರೂ ಸಾಕು, ಅದರ ಆರಂಭದ ಭಾಗವನ್ನು ಓದಿ, ಇಷ್ಟು ಹೊತ್ತು ಸುಮ್ಮನಿರಬೇಕು ಎಂದು ತಿಳಿದು ಕಾಯುತ್ತಾರೆ. ನಿಧಾನವಾಗುತ್ತದೆ, ಆದರೆ ಡಿಕ್ಕಿ ಕಡಿಮೆ. ಅರ್ಧಂಬರ್ಧ ಮೇಲೆ ಬಿದ್ದ ಚಾನೆಲ್‌ನವರದು ಬರೀ ಗದ್ದಲವಾಗಿ ಕೇಳುತ್ತದೆ. ಬರೀ ಗದ್ದಲಕ್ಕೆ ರೇಡಿಯೊ ಕಾಯುವುದು ಅದು −62 ಡಿಬಿಎಂಗಿಂತ ಜೋರಾಗಿದ್ದರೆ ಮಾತ್ರ. ಮೇಲಿನ ಮನೆಯ −70ರ ಗದ್ದಲವನ್ನು ಲೆಕ್ಕಕ್ಕೇ ಇಡದೆ ಮಾತಾಡುತ್ತದೆ, ಪ್ಯಾಕೆಟ್ ಕೆಡುತ್ತದೆ, ಮತ್ತೆ ಕಳಿಸುತ್ತದೆ. ಸಾಲಿನಲ್ಲಿ ಹದಿನೈದನೆಯವನಾಗಿ ನಿಲ್ಲುವುದು, ಇಬ್ಬರ ಸಾಲಿನ ನಡುವೆ ನುಗ್ಗುವುದಕ್ಕಿಂತ ಮೇಲು.

ಅದೇ ವಾರ ಇನ್ನೊಂದು ಆಸೆಯೂ ಹುಟ್ಟಿತ್ತು. ನಮ್ಮಲ್ಲಿ 13ರವರೆಗೆ ಬಳಸಬಹುದಲ್ಲ, 1, 5, 9, 13 ಎಂದು ನಾಲ್ಕು ಮಾಡಿಕೊಂಡರೆ ಹೇಗೆ? ಕಾಗದದ ಮೇಲೆ ಚೆನ್ನಾಗಿದೆ, ಸರಿಯಾಗಿ 20 ಮೆಗಾಹರ್ಟ್ಝ್‌ಗೊಂದು. ಎರಡು ದಿನಕ್ಕೇ ಕೈಬಿಟ್ಟೆವು. ಪಕ್ಕದ ಕಟ್ಟಡದವರು 6 ಮತ್ತು 11ರಲ್ಲಿ ಇದ್ದಾರೆ, ನಮ್ಮ 9 ಆ ಎರಡರ ಮೇಲೂ ಬೀಳುತ್ತದೆ. ಜೊತೆಗೆ ಅಮೆರಿಕದಿಂದ ತಂದ ಒಂದು ಲ್ಯಾಪ್‌ಟಾಪಿಗೂ ಒಂದು ಬಲ್ಬಿಗೂ ಚಾನೆಲ್ 13 ಇರುವುದೇ ಕಾಣಲಿಲ್ಲ. ಅಲ್ಲಿ 11ರಾಚೆಗೆ ಸಾಮಾನ್ಯವಾಗಿ ಬಳಸುವುದಿಲ್ಲ, ಆ ಸಾಧನಗಳು ಅಲ್ಲಿಗೇ ಬೀಗ ಹಾಕಿಕೊಂಡು ಬಂದಿರುತ್ತವೆ.

ದಿನ 4 ಮತ್ತು 5. ನಕ್ಷೆ

ಮೂರು ಚಾನೆಲ್‌ನಲ್ಲಿ ಹದಿನಾರು ಮನೆ ಕೂರಬೇಕು. ನಿಯಮ ಎರಡೇ: ನಡುಗೋಡೆ ಹಂಚಿಕೊಂಡವರಿಗೆ ಒಂದೇ ಚಾನೆಲ್ ಬೇಡ, ನೇರ ಮೇಲೆ ಕೆಳಗೆ ಇರುವವರಿಗೂ ಬೇಡ. ಮೊದಲನೇ ಮಹಡಿಗೆ 1, 6, 11, 1 ಎಂದು ಕೊಟ್ಟು, ಮಹಡಿ ಹತ್ತಿದಂತೆ ಒಂದೊಂದು ಸ್ಥಾನ ಸರಿಸಿದರೆ ನಕ್ಷೆ ತಾನಾಗಿ ಬೀಳುತ್ತದೆ.

| ಮಹಡಿ | 01 | 02 | 03 | 04 |
|---|---|---|---|---|
| 4 | 1 | 6 | 11 | 1 |
| 3 | 11 | 1 | 6 | 11 |
| 2 | 6 | 11 | 1 | 6 |
| 1 | 1 | 6 | 11 | 1 |

ನೇರ ಮೇಲಕ್ಕೆ ಹೋದರೆ ಅದೇ ಚಾನೆಲ್ ಸಿಗುವುದು ಮೂರು ಛಾವಣಿ ದಾಟಿದ ಮೇಲೆ. ಹತ್ತಿರದ ಜೊತೆಗಾರರು ಓರೆಯಲ್ಲಿ ಇರುವವರು, ಉದಾಹರಣೆಗೆ 201 ಮತ್ತು 102. ಮಧ್ಯೆ ಒಂದು ಕಾಂಕ್ರೀಟ್ ಛಾವಣಿ, ಒಂದು ಗೋಡೆ. ಒಂದೇ ಮಹಡಿಯಲ್ಲಿ 01 ಮತ್ತು 04 ಒಂದೇ ಚಾನೆಲ್, ಅವರ ಮಧ್ಯೆ ಲಿಫ್ಟ್ ಗುಂಡಿಯ ದಪ್ಪ ಗೋಡೆ ಇದೆ ಎಂಬ ಧೈರ್ಯದ ಮೇಲೆ.

ಆ ಧೈರ್ಯ ಪೂರ್ತಿ ನಿಜವಾಗಲಿಲ್ಲ. ಬಾಗಿಲು ಹಾಕಿದಾಗ 104ರ ಸಿಗ್ನಲ್ 101ರಲ್ಲಿ −78. ಸಂಜೆ ಎಲ್ಲರೂ ಮರದ ಬಾಗಿಲು ತೆಗೆದು ಗ್ರಿಲ್ ಬಾಗಿಲು ಮಾತ್ರ ಹಾಕಿಕೊಂಡಿರುವ ಹೊತ್ತಿಗೆ −72. ಮಧ್ಯಾಹ್ನ ಅಳೆದು ನಕ್ಷೆ ಹಾಕಿದರೆ ಇದು ತಪ್ಪಿಹೋಗುತ್ತದೆ. ಅಳತೆ ಜನ ಬದುಕುವ ಹೊತ್ತಿನಲ್ಲೇ ಆಗಬೇಕು.

ಚಾನೆಲ್ ಹಾಕುವಾಗಲೇ ಅಗಲವನ್ನೂ 20ಕ್ಕೆ ಕಟ್ಟಿದೆವು. ಹತ್ತು ರೂಟರುಗಳಲ್ಲಿ `20/40` ಎಂದು ಇತ್ತು, ನಾಲ್ಕರಲ್ಲಿ ಬರೀ `40`. ಚಾನೆಲ್ 1ರಲ್ಲಿ 40ರ ಅಗಲ ಅಂದರೆ 2402ರಿಂದ 2442, ಅಂದರೆ 6ನ್ನೂ ನುಂಗಿದ ಹಾಗೆ. ಒಬ್ಬರು ಹೀಗಿದ್ದರೂ ಸಾಕು, ಆ ಮೂಲೆಯಲ್ಲಿ ನಕ್ಷೆ ಕೆಡುತ್ತದೆ. `20/40` ಇದ್ದವು ಪಕ್ಕದವರು ಕಂಡರೆ ತಾವೇ ಕುಗ್ಗಬೇಕೆಂಬುದು ನಿಯಮ, ನಮ್ಮಲ್ಲಿ ಎರಡು ಕುಗ್ಗಲಿಲ್ಲ. ಕೈಯಲ್ಲೇ `20MHz` ಆರಿಸುವುದು ಒಳ್ಳೆಯದು.

ಓಪನ್‌ಡಬ್ಲ್ಯುಆರ್‌ಟಿ ಇದ್ದ ಮೂರು ಮನೆಗಳಿಗೆ ಕೊನೆಗೆ ನಿಂತ ಸೆಟ್ಟಿಂಗ್ ಇದು. ಕೊನೆಯ ಎರಡು `set` ಸಾಲುಗಳ ಕಥೆ ಮುಂದೆ ಬರುತ್ತದೆ. `radio0` ಎಂಬುದು 2.4ರದೋ 5ರದೋ ಎಂಬುದು ರೂಟರಿನಿಂದ ರೂಟರಿಗೆ ಬೇರೆ, `band='2g'` ಎಂದು ಇರುವುದನ್ನು ನೋಡಿಕೊಂಡೇ ಹಾಕಬೇಕು.

```
uci set wireless.radio0.country='IN'
uci set wireless.radio0.channel='6'
uci set wireless.radio0.htmode='HT20'
uci set wireless.radio0.txpower='11'
uci set wireless.radio0.legacy_rates='0'
uci commit wireless
wifi reload
```

ಮೂರು ಮನೆಯವರು ಮಾತ್ರ `Auto` ಇರಲಿ, ಅದೇ ಬುದ್ಧಿವಂತ ಅಂದರು. ಬಿಟ್ಟೆವು. ಐದನೇ ದಿನ ಸಂಜೆ ಕರೆಂಟ್ ಹೋಗಿ ಇಪ್ಪತ್ತು ನಿಮಿಷದ ಮೇಲೆ ಬಂತು. ಬಂದ ಮೇಲೆ ನೋಡಿದರೆ ಆ ಮೂರೂ ಚಾನೆಲ್ 1ರಲ್ಲಿ ಕೂತಿದ್ದವು. ಈ ರೂಟರುಗಳು ಚಾನೆಲ್ ಹುಡುಕುವುದು ಆನ್ ಆದಾಗ ಒಂದೇ ಸಲ. ಕರೆಂಟ್ ಬಂದ ಗಳಿಗೆಯಲ್ಲಿ ಇಡೀ ಕಟ್ಟಡದ ರೂಟರುಗಳು ಒಟ್ಟಿಗೇ ಏಳುತ್ತವೆ, ಪ್ರತಿಯೊಂದಕ್ಕೂ ಗಾಳಿ ಖಾಲಿಯಾಗಿ ಕಾಣುತ್ತದೆ, ಪ್ರತಿಯೊಂದೂ ಪಟ್ಟಿಯ ಮೊದಲನೆಯದನ್ನು ಹಿಡಿಯುತ್ತದೆ. ಮೊದಲ ದಿನ ಚಾನೆಲ್ 1ರಲ್ಲಿ ಹದಿನಾಲ್ಕು ಜನ ಯಾಕಿದ್ದರು ಎಂಬುದು ಆಗ ಹೊಳೆಯಿತು. ಮೂರನ್ನೂ ನಕ್ಷೆಯ ಪ್ರಕಾರ ಕಟ್ಟಿಹಾಕಿದೆವು.

ದಿನ 6 ಮತ್ತು 7. ಪವರ್ ಇಳಿಸಿದ್ದು

ನಕ್ಷೆ ಅರ್ಧ ಕೆಲಸ. 201 ಮತ್ತು 102 ಒಂದೇ ಚಾನೆಲ್‌ನಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿರುವವರೆಗೆ ಸರದಿ ಹಂಚಿಕೊಳ್ಳಲೇಬೇಕು. ಕೇಳಿಸದ ಹಾಗೆ ದನಿ ತಗ್ಗಿಸಿದರೆ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಪವರ್ ಇಳಿಸುವುದರ ಗುರಿ ಇದೊಂದೇ: ಒಂದೇ ಚಾನೆಲ್‌ನ ನೆರೆಯವರ ಕಿವಿಗೆ −82ಕ್ಕಿಂತ ಕೆಳಗೆ, ಸ್ವಂತ ಮನೆಯ ದೂರದ ಕೋಣೆಯಲ್ಲಿ −67ಕ್ಕಿಂತ ಮೇಲೆ.

201ರಲ್ಲಿ ರೂಟರ್ ಇದ್ದದ್ದು ಮುಂಬಾಗಿಲ ಪಕ್ಕದ ಟಿವಿ ಹಿಂದೆ, ಫೈಬರ್ ಬಂದು ಇಳಿದ ಜಾಗದಲ್ಲಿ. 20 ಡಿಬಿಎಂನಲ್ಲಿ ಹಿಂದಿನ ಬೆಡ್‌ರೂಮಿಗೆ −64, ಬಾಲ್ಕನಿಗೆ −66. ನೇರ 9 ಡಿಬಿ ಇಳಿಸಿ 11ಕ್ಕೆ ತಂದೆವು. ಬೆಡ್‌ರೂಮು −73ಕ್ಕೆ ಬಿತ್ತು, ಅಲ್ಲಿದ್ದವರು ಆ ರಾತ್ರಿಯೇ ತಕರಾರು ತೆಗೆದರು. ಮೂಲೆಯಲ್ಲಿ ನಿಂತು ಪಿಸುಗುಟ್ಟಿದರೆ ಇಡೀ ಮನೆಗೆ ಕೇಳಿಸುವುದಿಲ್ಲ, ಮೊದಲು ನಡುಮನೆಗೆ ಬರಬೇಕು.

ಫೈಬರ್ ವಯರನ್ನು ಮುಟ್ಟಲು ಹೋಗಲಿಲ್ಲ, ಅದು ಮಡಿಸಿದರೆ ಹೋಯಿತು. ಡಬ್ಬಿಯನ್ನು ಅಲ್ಲೇ ಬಿಟ್ಟು, 9 ಮೀಟರ್ ಲ್ಯಾನ್ ಕೇಬಲ್ ಎಳೆದು ರೂಟರನ್ನು ಎರಡು ಬೆಡ್‌ರೂಮುಗಳ ಬಾಗಿಲು ಸೇರುವ ಪ್ಯಾಸೇಜಿನಲ್ಲಿ ಎರಡು ಮೀಟರ್ ಎತ್ತರಕ್ಕೆ ಹೊಡೆದೆವು. ಈಗ ಅಂಕಿಗಳು ಹೀಗೆ ಬಂದವು:

| ಅಳೆದ ಜಾಗ | 20 ಡಿಬಿಎಂ | 11 ಡಿಬಿಎಂ |
|---|---|---|
| 201, ಹಿಂದಿನ ಬೆಡ್‌ರೂಮು | −54 | −63 |
| 201, ಬಾಲ್ಕನಿ | −58 | −67 |
| 301, ನೇರ ಮೇಲೆ | −60 | −69 |
| 202, ಪಕ್ಕದ ಮನೆ | −62 | −71 |
| 102, ಓರೆಯಲ್ಲಿ ಕೆಳಗೆ | −74 | −83 |

ಮೂರನೆಯ ಸಾಲು ಮತ್ತು ಕೊನೆಯ ಸಾಲು ನೋಡಿದರೆ ಯಾಕೆ ನಕ್ಷೆ ಮತ್ತು ಪವರ್ ಎರಡೂ ಬೇಕು ಎಂಬುದು ಕಾಣುತ್ತದೆ. ನೇರ ಮೇಲಿನ ಮನೆಗೆ ಎಷ್ಟು ಇಳಿಸಿದರೂ −69 ತಲುಪುತ್ತದೆ, ಅಲ್ಲಿ ಕಾಪಾಡುವುದು ಬೇರೆ ಚಾನೆಲ್ ಮಾತ್ರ. ಓರೆಯ ಮನೆಯನ್ನು ಕಾಪಾಡುವುದು ಇಳಿಸಿದ ಪವರ್. ಆದರೆ −83 ಎನ್ನುವುದು ಗಡಿಯ ಮೇಲೆ ಕಾಲಿಟ್ಟ ಹಾಗೆ. −82 ಎಂಬುದು ಎಲ್ಲ ಸಾಧನಗಳಿಗೂ ಕೇಳಿಸಲೇಬೇಕಾದ ಕನಿಷ್ಠ ಮಟ್ಟ. ಒಳ್ಳೆಯ ಚಿಪ್‌ಗಳು ಅದಕ್ಕಿಂತ ಕ್ಷೀಣವಾದದ್ದನ್ನೂ ಓದಿ ಸುಮ್ಮನಾಗುತ್ತವೆ. ಹಾಗಾಗಿ ಈ ಜೋಡಿ ಪೂರ್ತಿ ಬೇರ್ಪಟ್ಟಿದೆ ಎನ್ನಲಾಗದು.

ಇನ್ನೂ ಇಳಿಸಿ ನೋಡಿದೆವು, 5 ಡಿಬಿಎಂಗೆ. ತಪ್ಪಾಯಿತು. ಬೆಡ್‌ರೂಮಿನ ಫೋನ್ 13 ಮೆಗಾಬಿಟ್ ದರಕ್ಕೆ ಕುಸಿಯಿತು (`station dump`ನ `tx bitrate` ಸಾಲು). ದರ ಕುಸಿದರೆ ಅದೇ ವಿಡಿಯೊ ಕಳಿಸಲು ಗಾಳಿಯಲ್ಲಿ ಮೂರು ನಾಲ್ಕು ಪಟ್ಟು ಹೊತ್ತು ಬೇಕು. ನೆರೆಯವರಿಗೆ ಉಪಕಾರ ಮಾಡಲು ಹೋಗಿ ಚಾನೆಲ್ಲನ್ನು ಇನ್ನಷ್ಟು ತುಂಬಿಸಿದಂತಾಯಿತು. ಇಳಿಸುವಾಗ ಮೂರು ಮೂರು ಡಿಬಿ ಇಳಿಸಿ, ಪ್ರತಿ ಮೆಟ್ಟಿಲಲ್ಲೂ ದೂರದ ಕೋಣೆಯ ದರ ನೋಡಬೇಕು. ಬೀಳಲು ಶುರುವಾದ ಕೂಡಲೇ ಒಂದು ಮೆಟ್ಟಿಲು ಹಿಂದಕ್ಕೆ.

ಕಂಪನಿ ಡಬ್ಬಿಗಳಲ್ಲಿ ಡಿಬಿಎಂ ಇರುವುದಿಲ್ಲ, `Transmit Power` ಎಂದು 100, 80, 60, 40, 20 ಪ್ರತಿಶತ ಇರುತ್ತದೆ. ಲೆಕ್ಕದ ಪ್ರಕಾರ 40 ಅಂದರೆ 4 ಡಿಬಿ ಇಳಿಕೆ, 20 ಅಂದರೆ 7 ಡಿಬಿ. ನಂಬುವ ಮೊದಲು ಅಳೆಯಬೇಕು. ಒಂದು ಡಬ್ಬಿಯಲ್ಲಿ 100ರಿಂದ 40ಕ್ಕೆ ಇಳಿಸಿದರೂ ಫೋನಿನ ಅಂಕಿ ಕದಲಲಿಲ್ಲ, ರೀಬೂಟ್ ಮಾಡಿದ ಮೇಲೆ ಇಳಿಯಿತು. ಇನ್ನೊಂದರಲ್ಲಿ ರೀಬೂಟ್ ಮಾಡಿದರೂ ಇಳಿಯಲಿಲ್ಲ, ಆ ಪಟ್ಟಿ ಬರೀ ಅಲಂಕಾರ.

ಯಾರೂ ಹೇಳದ ಇನ್ನೊಂದು ಮಿತಿ: ನಾವು ಇಳಿಸಿದ್ದು ರೂಟರಿನ ಪವರ್ ಮಾತ್ರ. ಫೋನು, ಲ್ಯಾಪ್‌ಟಾಪು ತಮ್ಮ ದನಿಯಲ್ಲೇ ಮಾತಾಡುತ್ತವೆ. 102ರ ಬಾಲ್ಕನಿಯಲ್ಲಿ ಕೂತವರ ಫೋನು 201ರ ರೂಟರಿಗೆ ಈಗಲೂ ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ಮನೆಬಳಕೆಯಲ್ಲಿ ಹೆಚ್ಚಿನ ಮಾತು ರೂಟರಿನಿಂದ ಫೋನಿನ ಕಡೆಗೆ ಹರಿಯುವುದು, ಆದ್ದರಿಂದ ಲಾಭ ಉಳಿಯಿತು.

ಖರ್ಚು: ಐದು ಮನೆಗಳಲ್ಲಿ ರೂಟರ್ ಜಾಗ ಬದಲಾಯಿತು. ಕ್ಯಾಟ್ 6 ಕೇಬಲ್ 46 ಮೀಟರ್, ಮೀಟರಿಗೆ ₹22ರಂತೆ ₹1,012. ಆರ್‌ಜೆ 45 ಕನೆಕ್ಟರ್ ₹8ರಂತೆ 14, ₹112. ಬೇಕಿದ್ದದ್ದು ಹತ್ತು, ನಾಲ್ಕು ಕ್ರಿಂಪ್ ಮಾಡುವಾಗ ಬಣ್ಣದ ಸರದಿ ತಪ್ಪಿ ಹಾಳಾದವು. ಕ್ಲಿಪ್ ಎರಡು ಪ್ಯಾಕೆಟ್ ₹80. ಒಟ್ಟು ₹1,204.

ದಿನ 8. ಬೆಳಗಿನ ಜಾವದ 40 ಪ್ರತಿಶತ

ಪ್ರತಿ ನೆಟ್‌ವರ್ಕೂ ಸೆಕೆಂಡಿಗೆ ಹತ್ತು ಸಲ ತನ್ನ ಹೆಸರು ಕೂಗುತ್ತದೆ, ಇದಕ್ಕೆ ಬೀಕನ್ ಎನ್ನುತ್ತಾರೆ. ವೈ-ಫೈಯ ಹಳೆಯ 802.11b, ಅಂದರೆ ಬಿ ಮೋಡ್ ಆನ್ ಇದ್ದರೆ ಈ ಕೂಗು ಹೋಗುವುದು ಅತಿ ನಿಧಾನದ 1 ಮೆಗಾಬಿಟ್ ದರದಲ್ಲಿ. ಬೀಕನ್ ಸುಮಾರು 300 ಬೈಟ್ ಎಂದಿಟ್ಟುಕೊಂಡರೆ 2.4 ಮಿಲಿಸೆಕೆಂಡು, ಪೀಠಿಕೆ ಸೇರಿ 2.6. ಸೆಕೆಂಡಿಗೆ ಹತ್ತು ಸಲ ಅಂದರೆ 26 ಮಿಲಿಸೆಕೆಂಡು, ಅಂದರೆ ಒಂದು ನೆಟ್‌ವರ್ಕಿಗೆ ಎರಡೂವರೆ ಪ್ರತಿಶತ. ಚಾನೆಲ್ 1ರಲ್ಲಿ ಹದಿನಾಲ್ಕು ನೆಟ್‌ವರ್ಕ್: 35 ಪ್ರತಿಶತ. ಯಾರೂ ಏನೂ ನೋಡದೆ ಇರುವಾಗಲೂ ಗಾಳಿಯ ಮೂರನೇ ಒಂದು ಭಾಗ ಬರೀ ಹೆಸರು ಕೂಗುವುದಕ್ಕೇ ಹೋಗುತ್ತಿತ್ತು. ಎರಡನೇ ದಿನ ಹನ್ನೊಂದು ಹೆಸರು ಆಫ್ ಮಾಡಿದ್ದರ ಬೆಲೆ ಎಷ್ಟು ಎಂಬುದು ಈ ಲೆಕ್ಕ ಮಾಡಿದ ಮೇಲೆಯೇ ತಿಳಿದದ್ದು.

ಬಿ ದರಗಳನ್ನು ತೆಗೆದರೆ ಅದೇ ಬೀಕನ್ 6 ಮೆಗಾಬಿಟ್‌ನಲ್ಲಿ ಹೋಗುತ್ತದೆ, 0.4 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮೇಲಿನ `legacy_rates` ಸಾಲು. ಮಿಕ್ಕ ರೂಟರುಗಳಲ್ಲಿ `b/g/n` ಎಂದಿರುವುದನ್ನು `g/n` ಅಥವಾ `n` ಮಾಡುವುದು. ಎರಡು ಡಬ್ಬಿಗಳು ಹಾಗೆ ಮಾಡಿದರೂ 1 ಮೆಗಾಬಿಟ್‌ನಲ್ಲೇ ಕೂಗುತ್ತಿದ್ದವು. ಲ್ಯಾಪ್‌ಟಾಪಿನ ವೈ-ಫೈ ಕಾರ್ಡನ್ನು ಮಾನಿಟರ್ ಮೋಡ್‌ಗೆ ಹಾಕಿ ವೈರ್‌ಶಾರ್ಕ್‌ನಲ್ಲಿ ಬೀಕನ್ ತೆರೆದರೆ `Data rate` ಎಂಬ ಸಾಲಿನಲ್ಲಿ ಇದು ಕಾಣುತ್ತದೆ. ಅವೆರಡನ್ನು ಹಾಗೇ ಬಿಟ್ಟೆವು, ಬೇರೆ ದಾರಿ ಇರಲಿಲ್ಲ.

ದಿನ 9. 5 ಗಿಗಾಹರ್ಟ್ಝ್, ಚುಟುಕಾಗಿ

ಇಲ್ಲಿ ಜಾಗ ಹೆಚ್ಚು, ಛಾವಣಿ ದಾಟುವ ಶಕ್ತಿ ಕಡಿಮೆ, ಹಾಗಾಗಿ ತಲೆನೋವೂ ಕಡಿಮೆ. ಎಲ್ಲ ರೂಟರೂ 80ರ ಅಗಲದಲ್ಲಿ ಇದ್ದವು. ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕಿಲ್ಲದ ಜಾಗದಲ್ಲಿ 80ರ ತುಂಡುಗಳು ಎರಡೇ, 36ರಿಂದ 48 ಮತ್ತು 149ರಿಂದ 161. 40ಕ್ಕೆ ಇಳಿಸಿದರೆ 36, 44, 149, 157 ಎಂದು ನಾಲ್ಕಾಗುತ್ತವೆ, ಒಂದು ಮಹಡಿಯ ನಾಲ್ಕು ಮನೆಗೆ ಸರಿಯಾಗಿ ನಾಲ್ಕು. ಮೇಲಿನ ಮಹಡಿಗೆ ಮತ್ತೆ ಒಂದು ಸ್ಥಾನ ಸರಿಸಿದ್ದು. ಎರಡು ಆಂಟೆನಾ ಇರುವ 802.11ac ಫೋನಿಗೆ 40ರ ಅಗಲದಲ್ಲಿ 400 ಮೆಗಾಬಿಟ್ ಲಿಂಕ್ ಸಿಗುತ್ತದೆ, ಇಲ್ಲಿನ ಪ್ಲಾನುಗಳಿಗೆ ಧಾರಾಳ. 404ರಲ್ಲಿ ಚಾನೆಲ್ 52 ಹಾಕಿ ನೋಡಿದೆವು. ರೇಡಾರ್ ಇದೆಯೇ ಎಂದು ರೂಟರ್ ಆನ್ ಆದಾಗ ಒಂದು ನಿಮಿಷ ಸುಮ್ಮನೆ ಕೂರುತ್ತದೆ, ಅದು ಪರವಾಗಿಲ್ಲ. ಅವರ ಟಿವಿ ಸ್ಟಿಕ್‌ಗೆ ಆ ಚಾನೆಲ್ ಕಾಣಲಿಲ್ಲ, ನಕ್ಷೆಯ ಚಾನೆಲ್ಲಿಗೇ ಮರಳಿದೆವು.

ಟಿವಿ, ಲ್ಯಾಪ್‌ಟಾಪ್, ಫೋನುಗಳಲ್ಲಿ 2.4ರ ಹೆಸರನ್ನು ಮರೆಸಿ 5ರದನ್ನು ಮಾತ್ರ ಉಳಿಸಿದ್ದು ಈ ದಿನದ ದೊಡ್ಡ ಕೆಲಸ, ಮನೆಗೆ ಇಪ್ಪತ್ತು ನಿಮಿಷ ಹಿಡಿಯಿತು. 2.4 ಈಗ ಪ್ಲಗ್, ಬಲ್ಬ್, ಕ್ಯಾಮೆರಾ, ಪ್ರಿಂಟರ್ ಮತ್ತು ಹಳೆಯ ಫೋನುಗಳಿಗೆ.

ದಿನ 12. ಮತ್ತೆ ಅಳತೆ

ಅದೇ 302, ಅದೇ ನಾಲ್ಕು ಮೀಟರ್, ರಾತ್ರಿ ಒಂಬತ್ತು, 2.4ರಲ್ಲಿ. ಗಿಜಿಗುಡುವ ಹೊತ್ತು ಚಾನೆಲ್ 1ರಲ್ಲಿ 78ರಿಂದ 46ಕ್ಕೆ, 6ರಲ್ಲಿ 71ರಿಂದ 41ಕ್ಕೆ, 11ರಲ್ಲಿ 64ರಿಂದ 44ಕ್ಕೆ. ಪಿಂಗ್ ಸರಾಸರಿ 38ರಿಂದ 6 ಮಿಲಿಸೆಕೆಂಡಿಗೆ, ಅತಿ ಹೆಚ್ಚು 61, ಕಾಣೆಯಾದ ಪ್ಯಾಕೆಟ್ ಇಲ್ಲ. ಇದರಲ್ಲಿ ಯಾವ ಹೆಜ್ಜೆಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು, ಏಕೆಂದರೆ ಪ್ರತಿ ಹೆಜ್ಜೆಯ ಮೇಲೂ ರಾತ್ರಿ ಒಂಬತ್ತರ ಅಳತೆ ಬರೆದಿಡಲಿಲ್ಲ. ಅದು ಈ ಕೆಲಸದ ನಿಜವಾದ ಲೋಪ. ಅಂದಾಜಿನಲ್ಲಿ ಹೇಳುವುದಾದರೆ, ಹೆಸರು ಆಫ್ ಮಾಡಿದ್ದು ಮತ್ತು ಜನರನ್ನು 5ಕ್ಕೆ ಸಾಗಿಸಿದ್ದು ಪವರ್ ಇಳಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿರಬೇಕು.

ಉಳಿದಿರುವುದು: ಹನ್ನೊಂದನೇ ದಿನ ರಾತ್ರಿ ಒಂದು ಕಂಪನಿ ದೂರದಿಂದಲೇ ಡಬ್ಬಿಯ ಸಾಫ್ಟ್‌ವೇರ್ ಹೊಸದು ಮಾಡಿತು, 103 ಮತ್ತು 402 ಎರಡೂ ಬೆಳಿಗ್ಗೆ `Auto`, `20/40`, ನೂರು ಪ್ರತಿಶತಕ್ಕೆ ಮರಳಿದ್ದವು. ಮತ್ತೆ ಹಾಕಿದ್ದೇವೆ, ಮತ್ತೆ ಮರಳಬಹುದು. 304ಕ್ಕೆ ಮುಂದಿನ ತಿಂಗಳು ಹೊಸ ಬಾಡಿಗೆದಾರರು ಬರುತ್ತಾರೆ, ಹೊಸ ರೂಟರ್ ತರುತ್ತಾರೆ. ಚಾನೆಲ್ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಮೀಟರ್ ಬೋರ್ಡಿನ ಪಕ್ಕ ಅಂಟಿಸಿದೆ, ಕೇಬಲ್ ಹುಡುಗರು ಕನೆಕ್ಷನ್ ಕೊಡಲು ಬಂದಾಗ ಮೊದಲು ಕೈ ಹಾಕುವುದು ಅಲ್ಲಿಗೇ. 304ರ ಚೌಕದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ: 11, ಅಗಲ 20, ಬಿ ಬೇಡ.